6 ಇಂಚಿನ ಕೃಷ್ಣ 900 ಗ್ರಾಂ ಇದ್ರೆ 12 ಇಂಚಿಂದು 7 ಕೆಜಿ ಹೇಗಾಗತ್ತೆ? ಮೋಸ ಅಲ್ವಾ ಇದು?

ಕೊಳಲು_ಕೃಷ್ಣ
ಎಲ್ರಿಗೂ ನಮಸ್ಕಾರ. ನಮ್ಮನೆ ದೇವರ ಕೋಣೇಲಿ ಅಜ್ಜಿ ಕಾಲದ ಹಿತ್ತಾಳೆ ಕೃಷ್ಣ ಇದೆ, ಕೊಳಲೂದ್ತಾ ನಿಂತಿರೋದು, ಪೀಠ ಸೇರಿ 6 ಇಂಚು, ಅಡುಗೆಮನೆ ತಕ್ಕಡೀಲಿ ತೂಗಿದ್ರೆ 900 ಗ್ರಾಂ. ಹೊಸ ಮನೆಗೆ ಅದೇ ಥರದ್ದು, ಅದೇ ಅಳತೆ ಡಬಲ್ ಮಾಡಿ 12 ಇಂಚಿಂದು ಬೇಕು ಅಂತ ಎರಕ ಹೊಯ್ಯೋರ ಹತ್ರ ಕೇಳ್ದೆ. ಕೆಜಿಗೆ 1500 ಅಂದ್ರು, ಕೂಲಿ ಎಲ್ಲಾ ಸೇರಿ. ನಾನು ಮನಸ್ಸಲ್ಲೇ ಡಬಲ್ ಸೈಜು ಅಂದ್ರೆ 1.8 ಕೆಜಿ, 2700 ರೂಪಾಯಿ, ಆಯ್ತು ಅಂತ ಖುಷಿಯಾಗಿ ತಲೆ ಆಡಿಸ್ದೆ. ಆಮೇಲೆ ಅವ್ರು ಚೀಟೀಲಿ ಬರ್ಕೊಟ್ಟಿದ್ದು "ಅಂದಾಜು 7 ಕೆಜಿ 200". ಅಂದ್ರೆ 10,800! ಏನ್ ಸ್ವಾಮಿ ಇದು ಅಂದ್ರೆ ನಕ್ಕು "ಲೆಕ್ಕ ಹಾಗೇ ಬರೋದು ಸಾರ್" ಅಂದ್ರು. ನಂಗೆ ಲೆಕ್ಕ ಬರಲ್ಲ ಅನ್ನೋದು ಅವ್ರಿಗೆ ಗೊತ್ತಾಗೋಯ್ತಾ ಅಂತ ಡೌಟು. ಗೊತ್ತಿರೋರು ಹೇಳಿ.

ತರ್ಲೆ_ತಮ್ಮಯ್ಯ
ಪಕ್ಕಾ ಟೋಪಿ. ಬೇರೆ ಕಡೆ ವಿಚಾರಿಸಿ.

ಫೋಟೋ_ಪರಮೇಶಿ
ಅರ್ಧ ಟೋಪಿ ಅನ್ನಿ. ಎರಡು ಪಟ್ಟು ಅಲ್ಲ, ನಾಲ್ಕು ಪಟ್ಟು ಸಾರ್. ನಮ್ ಸ್ಟುಡಿಯೋಗೆ ಬರೋರೂ ಹೀಗೇ, 6 ಇಂಚಿನ ಫೋಟೋ 12 ಇಂಚು ಮಾಡಿ ಅಂತಾರೆ, ಪೇಪರ್ ನಾಲ್ಕು ಪಟ್ಟು ಹೋಗತ್ತೆ ಅಂದ್ರೆ ನಂಬಲ್ಲ. ಉದ್ದಾನೂ ಡಬಲ್, ಅಗಲಾನೂ ಡಬಲ್. ಸೋ 900 × 4 = 3.6 ಕೆಜಿ. ಮಿಕ್ಕಿದ 3.6 ಕೆಜಿ ಎಲ್ಲಿಂದ ಬಂತು ಅಂತ ಕೇಳಿ.

ಲೆಕ್ಕದ_ಟೀಚರಮ್ಮ
ಪರಮೇಶಿಯವ್ರೇ, ನಿಮ್ ಫೋಟೋಗೆ ದಪ್ಪ ಇಲ್ಲ, ಕೃಷ್ಣನಿಗೆ ಇದೆ. ಎತ್ತರ ಡಬಲ್, ಭುಜದ ಅಗಲ ಡಬಲ್, ಎದೆಯಿಂದ ಬೆನ್ನಿನವರೆಗಿನ ದಪ್ಪಾನೂ ಡಬಲ್. 2 × 2 × 2, ಎಂಟು ಪಟ್ಟು. 900 ಗ್ರಾಂ ಎಂಟು ಸಲ ಹಾಕಿದ್ರೆ 7200. ಚೀಟೀಲಿರೋದು ಅದೇ ಅಲ್ವಾ? ಮನುಷ್ಯ ಗ್ರಾಂ ಲೆಕ್ಕದಲ್ಲಿ ಸರಿಯಾಗೇ ಬರ್ದಿದಾನೆ, ಸುಮ್ನೆ ಬೈಬೇಡಿ.

ತರ್ಲೆ_ತಮ್ಮಯ್ಯ
ಸಾರಿ ಅಮ್ಮ. ಟೋಪಿ ವಾಪಸ್.

ಕೊಳಲು_ಕೃಷ್ಣ
ಅಮ್ಮಾ, ಡಬ್ಬಿ ಥರ ಚೌಕಾಕಾರ ಇದ್ರೆ ಒಪ್ತೀನಿ, ಬೆಲ್ಲದಚ್ಚು ಎಂಟು ಜೋಡಿಸಿದ್ರೆ ಡಬಲ್ ಸೈಜಿನ ದೊಡ್ಡ ಅಚ್ಚು ಆಗತ್ತೆ, ಕಣ್ಣಿಗೆ ಕಾಣತ್ತೆ. ಆದ್ರೆ ಕೃಷ್ಣ ಡಬ್ಬಿ ಅಲ್ವಲ್ಲ. ಕೈ ಇದೆ, ಕೊಳಲಿದೆ, ಕಾಲು ಅಡ್ಡ ಹಾಕಿದಾನೆ, ಮಧ್ಯೆ ಎಷ್ಟೊಂದು ಖಾಲಿ ಜಾಗ. ಎಂಟು ಸಣ್ಣ ಕೃಷ್ಣರನ್ನ ಹೇಗೆ ಜೋಡಿಸಿದ್ರೂ ಒಂದು ದೊಡ್ಡ ಕೃಷ್ಣ ಆಗಲ್ಲ. ಆಗ್ಲೂ ಎಂಟೇನಾ?

ಲೆಕ್ಕದ_ಟೀಚರಮ್ಮ
ಒಳ್ಳೇ ಪ್ರಶ್ನೆ, ನಮ್ ಹತ್ತನೇ ಕ್ಲಾಸ್ ಮಕ್ಳು ಇದನ್ನ ಕೇಳೋದೇ ಇಲ್ಲ, ಸೂತ್ರ ಬಾಯಿಪಾಠ ಮಾಡಿ ಹೋಗ್ತಾರೆ. ಕೃಷ್ಣನೊಳಗೆ ಪೂರ್ತಿ ರವೆ ತುಂಬಿದೆ ಅಂದ್ಕೊಳಿ, ಒಂದೊಂದು ಕಾಳೂ ಪುಟ್ಟ ಬೆಲ್ಲದಚ್ಚಿನ ಥರ ಚೌಕ. ಈಗ ಪೂರ್ತಿ ಮೂರ್ತೀನ ಡಬಲ್ ಮಾಡಿ. ಕಾಳಿನ ಸಂಖ್ಯೆ ಹೆಚ್ಚಾಗಲ್ಲ, ಇದ್ದ ಜಾಗದಲ್ಲೇ ಒಂದೊಂದು ಕಾಳೂ ಡಬಲ್ ಆಗತ್ತೆ. ಚೌಕದ ಕಾಳು ಡಬಲ್ ಆದ್ರೆ ಎಂಟು ಪಟ್ಟು ಅಂತ ನೀವೇ ಒಪ್ಕೊಂಡ್ರಿ. ಪ್ರತಿ ಕಾಳೂ ಎಂಟು ಪಟ್ಟು ಆದ್ಮೇಲೆ ಒಟ್ಟು ಮೊತ್ತಾನೂ ಎಂಟೇ ಪಟ್ಟು, ಅದು ಕೃಷ್ಣನಾದ್ರೂ ಒಂದೇ, ಆಲೂಗಡ್ಡೆ ಆದ್ರೂ ಒಂದೇ. ಅಂಚಲ್ಲಿ ಕಾಳು ಸರಿಯಾಗಿ ಕೂರಲ್ಲ ಅಂತೀರಾ, ಇನ್ನೂ ಸಣ್ಣ ರವೆ ತಗೊಳಿ, ಚಿರೋಟಿ ರವೆ.

ಮೈಗೆ ಅಂದ್ರೆ ಹೊರಮೈಗೆ ಬೇರೆ ಲೆಕ್ಕ. ಮೂರ್ತಿ ಮೇಲೆಲ್ಲಾ ಸಣ್ಣ ಚೌಕದ ಕಾಗದದ ಚೂರು ಅಂಟಿಸಿದೀರಿ ಅನ್ಕೊಳಿ, ಚೂರು ಬರೀ ಎರಡು ದಿಕ್ಕಲ್ಲಿ ಬೆಳೆಯತ್ತೆ, ಹಾಗಾಗಿ ನಾಲ್ಕು ಪಟ್ಟು. ಪರಮೇಶಿಯವ್ರ ನಾಲ್ಕು ಇಲ್ಲಿ ಸರಿ. ಚಿನ್ನದ ನೀರು ಹಿಡಿಸೋದಾದ್ರೆ, ಪಾಲಿಶ್ ಮಾಡ್ಸೋದಾದ್ರೆ ನಾಲ್ಕು.

ಫೋಟೋ_ಪರಮೇಶಿ
ಒಟ್ನಲ್ಲಿ ನಾನು ಹೇಳಿದ್ದು ಎಲ್ಲೋ ಒಂದ್ ಕಡೆ ಸರಿ ಇದೆ ಅಂತಾಯ್ತು 😄

ಗದಗ್_ಗುರಣ್ಣ
ಹಂಗ್ ಅಲ್ರಿ, ಒಂದ್ ಮಾತ್ ಕೇಳ್ತೀನಿ. ಅಜ್ಜಿ ಕಾಲದ ಮೂರ್ತಿ ಒಳಗ ಗಟ್ಟಿ ಐತೋ ಪೊಳ್ಳ ಐತೋ ಯಾರಿಗ್ ಗೊತ್ತು? ಒಳಗ ಮಣ್ಣ ತುಂಬಿದ್ರ? ಮೊದ್ಲ ಅದನ್ನ ನೋಡ್ರಿ, ಆಮ್ಯಾಲ ಎಂಟ ಹತ್ತ ಅನ್ರಿ.

ಮೇಣದ_ಮನೆ
ಗುರಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮದು ಎರಕದ ಮನೆ, ಅಪ್ಪ ದೊಡ್ಡಪ್ಪ ಎಲ್ಲಾ ಇದೇ ಕೆಲಸ, ನಾನು ಸಾಫ್ಟ್‌ವೇರ್‌ಗೆ ಓಡಿ ಬಂದವನು. ಪರೀಕ್ಷೆ ಮನೇಲೇ ಆಗತ್ತೆ. ತಕ್ಕಡಿ ಮೇಲೆ ಅರ್ಧ ನೀರಿರೋ ಪಾತ್ರೆ ಇಡಿ, ಸೊನ್ನೆ ಮಾಡ್ಕೊಳಿ. ಮೂರ್ತಿಗೆ ದಾರ ಕಟ್ಟಿ ಪೂರ್ತಿ ಮುಳುಗೋ ಹಾಗೆ ನೀರಲ್ಲಿ ಇಳಿಬಿಡಿ, ತಳ ಗೋಡೆ ಎಲ್ಲೂ ಮುಟ್ಟಬಾರ್ದು, ಕೈಯಲ್ಲೇ ಹಿಡ್ಕೊಂಡಿರಿ. ತಕ್ಕಡಿ ಎಷ್ಟು ಗ್ರಾಂ ತೋರ್ಸುತ್ತೋ ಮೂರ್ತಿ ಗಾತ್ರ ಅಷ್ಟು ಎಂಎಲ್. ಪೀಠದಡಿ ಗುಂಡಿ ಇದ್ರೆ ಓರೆ ಮಾಡಿ ಮುಳುಗ್ಸಿ, ಗಾಳಿ ಸಿಕ್ಕಾಕೊಂಡ್ರೆ ಲೆಕ್ಕ ತಪ್ಪತ್ತೆ. 900 ನ ಅದ್ರಿಂದ ಭಾಗಿಸಿ. ಎಂಟೂವರೆ ಆಸುಪಾಸು ಬಂದ್ರೆ ಗಟ್ಟಿ ಹಿತ್ತಾಳೆ. ಆರು ಏಳು ಬಂದ್ರೆ ಒಳಗೆ ಮಣ್ಣೋ ಪೊಳ್ಳೋ ಏನೋ ಇದೆ.

ಕೊಳಲು_ಕೃಷ್ಣ
ಮಾಡ್ದೆ. ಅಮ್ಮ ಪಕ್ಕದಲ್ಲಿ ನಿಂತು "ದೇವರಿಗೆ ದಾರ ಕಟ್ಟಿ ಬಾವಿಗೆ ಬಿಟ್ಟ ಹಾಗೆ ಬಿಡ್ತೀಯಲ್ಲೋ" ಅಂತ ಬೈತಾ ಇದ್ರು, ಅಭಿಷೇಕ ಅನ್ಕೋ ಅಂದೆ. ಮೊದಲನೇ ಸಲ 131 ಬಂತು, ನೋಡಿದ್ರೆ ಪೀಠ ಪಾತ್ರೆ ತಳಕ್ಕೆ ತಾಗಿತ್ತು. ಎರಡನೇ ಸಲ 106, ಮೂರನೇ ಸಲಾನೂ 106. 900 / 106 = 8.49. ಗಟ್ಟಿ ಕೃಷ್ಣ!

ಮೇಣದ_ಮನೆ
ಹಾಗಾದ್ರೆ 12 ಇಂಚಿಂದು ಗಟ್ಟಿ ಹೊಯ್ದ್ರೆ 848 ಎಂಎಲ್, 7.2 ಕೆಜಿ. ಲೆಕ್ಕ ನೇರ.

ಆದ್ರೆ ನಿಜವಾದ ಪ್ರಶ್ನೆ ಬೇರೆ ಇದೆ: 12 ಇಂಚಿಂದನ್ನ ಗಟ್ಟಿ ಯಾಕೆ ಹೊಯ್ಯಬೇಕು? ದೊಡ್ಡ ಮೂರ್ತಿಗೆ ಎಷ್ಟೋ ಕಡೆ ಒಳಗೆ ಮಣ್ಣಿನ ತಿರುಳು ಇಟ್ಟು ಅದ್ರ ಮೇಲೆ ಮೇಣ ಹಚ್ಚಿ ಪೊಳ್ಳು ಎರಕ ಮಾಡ್ತಾರೆ. ಆಗ ಲೋಹ ಬರೀ ಚರ್ಮದ ಥರ, ಉದಾಹರಣೆಗೆ 4 ಮಿ.ಮೀ ದಪ್ಪ. ಆ ದಪ್ಪ ಮೂರ್ತಿ ಜೊತೆ ಬೆಳೆಯಲ್ಲ, ನೀವು 12 ಇಂಚು ಮಾಡಿ 24 ಇಂಚು ಮಾಡಿ ಅದು ನಾಲ್ಕರ ಹತ್ರಾನೇ ಇರತ್ತೆ. ಅಂದ್ರೆ ಲೋಹ ಖರ್ಚಾಗೋದು ಮೈ ಎಷ್ಟಿದೆ ಅನ್ನೋದ್ರ ಮೇಲೆ. ಪೊಳ್ಳು 12 ನ ಪೊಳ್ಳು 24 ಮಾಡಿದ್ರೆ ಎಂಟು ಪಟ್ಟು ಅಲ್ಲ, ನಾಲ್ಕರ ಹತ್ರ. ಟೀಚರಮ್ಮ ಹೇಳಿದ ಎಂಟು ಬರ್ಬೇಕಾದ್ರೆ ಎಲ್ಲಾ ಅಳತೇನೂ ಡಬಲ್ ಆಗ್ಬೇಕು, ಗೋಡೆ ದಪ್ಪಾನೂ ಸೇರಿ.

ಲೆಕ್ಕದ_ಟೀಚರಮ್ಮ
ಇದು ನಂಗೆ ಹೊಳೆದಿರ್ಲಿಲ್ಲ, ಪಾಠದಲ್ಲಿ ಗೋಳ ಸಿಲಿಂಡರ್ ಎಲ್ಲಾ ಗಟ್ಟಿ ಅಂತಾನೇ ಹೇಳ್ತೀವಿ.

ಪ್ರಿಂಟರ್_ಪಚ್ಚಿ
ಅಯ್ಯೋ ಇದು ನಂಗೂ ಆಗಿತ್ತು, 3ಡಿ ಪ್ರಿಂಟರ್‌ನಲ್ಲಿ. ಆಫೀಸಲ್ಲಿ ಒಂದು ಆನೆ ಪ್ರಿಂಟ್ ಮಾಡಿದ್ದೆ, 40 ಗ್ರಾಂ. Scale 200% ಹಾಕಿದ್ರೆ 320 ಗ್ರಾಂ ಬೇಕು ಅಂತ ಹೊಸ ರೋಲ್ ತರ್ಸಿದೆ, ಸಾಫ್ಟ್‌ವೇರ್ ತೋರ್ಸಿದ್ದು 225 ರ ಹತ್ರ. ಬಗ್ ಅಂದ್ಕೊಂಡೆ. ಆಮೇಲೆ ಗೊತ್ತಾಯ್ತು, ಆನೆ ಚರ್ಮದ ದಪ್ಪ ಮಿ.ಮೀ ನಲ್ಲಿ ಫಿಕ್ಸ್ ಮಾಡಿದ್ದೆ, ಅದು ನಾಲ್ಕು ಪಟ್ಟು ಆಯ್ತು. ಒಳಗಿನ ಜಾಲರಿ ಮಾತ್ರ ಎಂಟು ಪಟ್ಟು. 40 ರಲ್ಲಿ ಚರ್ಮ ಸುಮಾರು 24, ಜಾಲರಿ 16 ಇತ್ತು, 96 + 128 = 224, ತಾಳೆ ಆಯ್ತು.

ತರ್ಲೆ_ತಮ್ಮಯ್ಯ
ಆಫೀಸ್ ಪ್ರಿಂಟರ್‌ನಲ್ಲಿ ಆನೆ. ಅಪ್ರೈಸಲ್ ಹೇಗಾಯ್ತು?

ಕೊಳಲು_ಕೃಷ್ಣ
@ಮೇಣದ_ಮನೆ ಹಾಗಾದ್ರೆ ಪೊಳ್ಳು ಮಾಡಿಸಿದ್ರೆ ನನ್ 12 ಇಂಚಿಂದು ಎಷ್ಟು ತೂಗಬಹುದು? ಮೈ ಎಷ್ಟಿದೆ ಅಂತ ಅಳೆಯೋದು ಹೇಗೆ, ಕೃಷ್ಣನಿಗೆ ಟೇಪ್ ಹಿಡಿಯಕ್ಕಾಗತ್ತಾ?

ಮೇಣದ_ಮನೆ
ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಇದ್ಯಲ್ಲ, ಚೂರು ಚೂರು ಹರಿದು ಮೈಗೆ ಒತ್ತಿ, ಒಂದ್ರ ಮೇಲೊಂದು ಬರದ ಹಾಗೆ. ಆಮೇಲೆ ಚೂರೆಲ್ಲಾ ಬಿಡಿಸಿ ಚಪ್ಪಟೆ ಮಾಡಿ ಗ್ರಾಫ್ ಪೇಪರ್ ಮೇಲೆ ಜೋಡಿಸಿ ಚೌಕ ಎಣಿಸಿ. ಬೆರಳ ಸಂದಿ, ಕೊಳಲ ಹಿಂದೆ ಎಲ್ಲಾ ಸರಿಯಾಗಿ ಬರಲ್ಲ, ಹತ್ತು ಪರ್ಸೆಂಟ್ ಆಚೆ ಈಚೆ ಆಗತ್ತೆ, ಪರ್ವಾಗಿಲ್ಲ.

ಕೊಳಲು_ಕೃಷ್ಣ
ಶನಿವಾರ ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯ್ತು. 212 ಚದರ ಸೆಂ.ಮೀ. ಪೀಠದಡಿ ಸೇರಿ. ಮಗಳು ಬೆಳ್ಳಿ ಕೃಷ್ಣ ಚೆನ್ನಾಗಿದಾನೆ ಹಾಗೇ ಇರ್ಲಿ ಅಂತ ಹಠ.

ಮೇಣದ_ಮನೆ
12 ಇಂಚಿಗೆ ಅದು 848 ಆಗತ್ತೆ. 4 ಮಿ.ಮೀ ದಪ್ಪ ಅಂದ್ರೆ 848 × 0.4, ಸುಮಾರು 340 ಎಂಎಲ್ ಲೋಹ, 2.9 ಕೆಜಿ. ಆದ್ರೆ ಕೊಳಲು, ಕೈ, ಬೆರಳು ಪೊಳ್ಳು ಮಾಡಕ್ಕಾಗಲ್ಲ, ಅವು ಗಟ್ಟೀನೇ. ಮೂರೂವರೆ ಅಂತ ಇಟ್ಕೊಳಿ.

ಇನ್ನೊಂದು ನೋಡಿ, ನಿಮ್ ಅಂಕಿಯಲ್ಲೇ ಇದೆ. ಸಣ್ಣ ಕೃಷ್ಣನಿಗೆ 106 ಎಂಎಲ್ ಗಾತ್ರ, 212 ಮೈ. ಒಂದು ಚದರ ಸೆಂ.ಮೀ ಮೈಗೆ ಅರ್ಧ ಎಂಎಲ್ ಲೋಹ. ದೊಡ್ಡದಕ್ಕೆ 848 ಗಾತ್ರ, 848 ಮೈ, ಅಂದ್ರೆ ಒಂದಕ್ಕೆ ಒಂದು. ಕಾದ ಲೋಹದ ಬಿಸಿ ಹೊರಗೆ ಹೋಗೋದು ಮೈ ಮೂಲಕ ತಾನೇ, ದೊಡ್ಡದ್ರಲ್ಲಿ ಪ್ರತಿ ಚದರ ಸೆಂ.ಮೀ ಮೈ ಡಬಲ್ ಲೋಹದ ಬಿಸಿ ಹೊರಬೇಕು. ಅದೂ ಅಲ್ದೆ ಸುತ್ತಲಿನ ಮಣ್ಣು ಬಿಸಿ ಆಗ್ತಾ ಆಗ್ತಾ ಬಿಸಿ ಎಳ್ಕೊಳೋದು ನಿಧಾನ ಆಗತ್ತೆ, ಹಾಗಾಗಿ ಗಟ್ಟಿಯಾಗೋ ಟೈಮ್ ಡಬಲ್ ಅಲ್ಲ, ಹತ್ರ ಹತ್ರ ನಾಲ್ಕು ಪಟ್ಟು. ಹೊರಗಡೆ ಗಟ್ಟಿ ಆಗಿರತ್ತೆ, ಹೊಟ್ಟೆ ತೊಡೆ ಪೀಠದೊಳಗೆ ಇನ್ನೂ ದ್ರವ. ಆ ದ್ರವ ಗಟ್ಟಿ ಆಗುವಾಗ ಕುಗ್ಗತ್ತೆ, ಮೇಲಿಂದ ಹೊಸ ಲೋಹ ಇಳಿದಿಲ್ಲ ಅಂದ್ರೆ ಒಳಗೆ ಗೂಡು ಗೂಡಾಗತ್ತೆ, ಕೆಲವು ಸಲ ಹೊಟ್ಟೆ ಮೇಲೆ ಕುಳಿ ಬಿದ್ದು ಕಾಣತ್ತೆ. ಅದಕ್ಕೇ ದೊಡ್ಡ ಮೂರ್ತಿ ಪೊಳ್ಳು ಮಾಡೋದು, ಬರೀ ಲೋಹ ಉಳಿಸೋಕಲ್ಲ. ಚರ್ಮ ಎಲ್ಲಾ ಕಡೆ ಒಂದೇ ದಪ್ಪ ಇದ್ರೆ ಒಟ್ಟಿಗೇ ತಣಿಯತ್ತೆ.

ಗದಗ್_ಗುರಣ್ಣ
ಈಗ ತಿಳೀತ್ ನೋಡ್ರಿ. ನಮ್ಮ ಊರಾಗ ಗಂಟಿ ಹೊಯ್ಯೋ ಮುಂದ ದೊಡ್ಡದು ಬಿರುಕ ಬಿಟ್ಟಿತ್ತು, ದೇವರ ಸಿಟ್ಟ ಅಂದಿದ್ರು.

ಮೇಣದ_ಮನೆ
ಗಂಟೆ ಪೊಳ್ಳೇ ಇರೋದು ಗುರಣ್ಣ, ಅದಕ್ಕೆ ಬೇರೆ ಕಾರಣ ಇರಬಹುದು. ತವರ ಜಾಸ್ತಿ ಹಾಕಿದ್ರೂ ಬಿರುಕು ಬಿಡತ್ತೆ.

ಕರಾವಳಿ_ಕುವರಿ
ಮಾರಾಯ್ರೆ, ಇಲ್ಲಿ ಮೂರ್ತಿ ಮಾತು ಬಂದದ್ದಕ್ಕೆ ಕೇಳ್ತೇನೆ. ನಮ್ಮ ಕಾರ್ಕಳದ ಗೊಮ್ಮಟ 42 ಅಡಿ, 80 ಟನ್ ಅಂತ ಹೇಳ್ತಾರೆ. ಶ್ರವಣಬೆಳಗೊಳದ್ದು 57 ಅಡಿ. ಹಾಗಾದ್ರೆ ಅದು ಎಷ್ಟು ಟನ್ ಇರ್ಬಹುದು?

ಲೆಕ್ಕದ_ಟೀಚರಮ್ಮ
57 ನ 42 ರಿಂದ ಭಾಗಿಸಿದ್ರೆ 1.36. ಅದನ್ನ ಮೂರು ಸಲ ಗುಣಿಸಿದ್ರೆ ಎರಡೂವರೆ. 200 ಟನ್. ನೋಡಿ, ಎತ್ತರ ಮೂರನೇ ಒಂದು ಭಾಗದಷ್ಟು ಹೆಚ್ಚು ಅಷ್ಟೇ, ತೂಕ ಎರಡೂವರೆ ಪಟ್ಟು.

ಹಾಸನ್_ಹೈದ
ಅಷ್ಟು ಸುಲಭ ಇಲ್ಲ ಮೇಡಂ. ಎರಡೂ ಒಂದೇ ಮೂರ್ತೀನ ಜ಼ೂಮ್ ಮಾಡಿದ್ದಲ್ಲ. ಬೆಳಗೊಳದ್ದು ತೊಡೆವರೆಗೂ ಹುತ್ತ, ಬಳ್ಳಿ, ಹಿಂದೆ ಬಂಡೆ ಆಸರೆ, ಅದೂ ಬೆಟ್ಟದ ಬಂಡೇಲೇ ಕೆತ್ತಿರೋದು, ಯಾವುದನ್ನ ತೂಗ್ತೀರಿ? ಕಾರ್ಕಳದ್ದು ಕೆತ್ತಿ ಬೆಟ್ಟಕ್ಕೆ ಎಳ್ಕೊಂಡ್ ಹೋಗಿದ್ದು, ಅದಕ್ಕೆ ತೂಕ ಅನ್ನೋ ಮಾತು ಬರತ್ತೆ. ಆಕಾರ ಒಂದೇ ಇಲ್ದೆ ಘನದ ಲೆಕ್ಕ ಹಾಕಿದ್ರೆ ಬರೋದು ಸುಮ್ನೆ ಅಂದಾಜು.

ಕರಾವಳಿ_ಕುವರಿ
ಅಂದಾಜೇ ಕೇಳಿದ್ದು ನಾನು. ಆದ್ರೂ ಒಂದು ಸಂಶಯ, ಆ ಹುತ್ತ ಬಳ್ಳಿ ಎಲ್ಲ ಕಾಲಿಗೆ ಬಲ ಕೊಡ್ಲಿಕ್ಕೇ ಇಟ್ಟದ್ದಾ? ತೂಕ ಘನದ ಹಾಗೆ ಬೆಳೆದು, ಹೊರುವ ಕಾಲಿನ ಅಡ್ಡಕೊಯ್ತ ವರ್ಗದ ಹಾಗೆ ಮಾತ್ರ ಬೆಳೆದ್ರೆ ದೊಡ್ಡದರ ಕಾಲಿಗೆ ಭಾರ ಜಾಸ್ತಿ ಬೀಳ್ತದಲ್ಲ.

ಹಾಸನ್_ಹೈದ
ಭಾರ ಜಾಸ್ತಿ ಬೀಳೋದು ನಿಜ, 1.36 ಪಟ್ಟು. ಆದ್ರೆ ಹುತ್ತ ಬಳ್ಳಿ ಬಾಹುಬಲಿ ತಪಸ್ಸಿನ ಕಥೇಲೇ ಇರೋದು, ಎಂಜಿನಿಯರಿಂಗ್‌ಗೆ ಇಟ್ರು ಅನ್ನಕ್ಕಾಗಲ್ಲ. ಗ್ರಾನೈಟು ಅಷ್ಟು ಭಾರ ಆರಾಮಾಗಿ ತಡ್ಕೊಳತ್ತೆ.

ಕರಾವಳಿ_ಕುವರಿ
ಎರಡೂ ಆಗಿರ್ಬಹುದಲ್ಲ. ಶಿಲ್ಪಿ ಬುದ್ಧಿವಂತ ಇದ್ದ.

ಕೊಳಲು_ಕೃಷ್ಣ
ಸ್ವಾಮಿ ನನ್ ಕೃಷ್ಣನ್ನ ಬೆಟ್ಟ ಹತ್ತಿಸಿಬಿಟ್ರಿ, ವಾಪಸ್ ಬನ್ನಿ. ಕೆಜಿ ರೇಟ್ ಬಗ್ಗೆ ಯೋಚ್ನೆ ಮಾಡ್ತಿದ್ದೆ. ಲೋಹ ಎಂಟು ಪಟ್ಟು ಸರಿ. ಆದ್ರೆ ಉಳಿ ಹಿಡಿದು ಕೆತ್ತೋದು, ಪಾಲಿಶ್, ಎಲ್ಲಾ ಮೈ ಮೇಲೆ ತಾನೇ? ಅದು ನಾಲ್ಕು ಪಟ್ಟು. ಕೂಲೀನೂ ಕೆಜಿ ಲೆಕ್ಕದಲ್ಲಿ ಸೇರಿಸಿದ್ರೆ ಕೂಲಿಗೂ ಎಂಟು ಪಟ್ಟು ಕೊಟ್ಟಂಗಾಯ್ತಲ್ಲ. ಚೌಕಾಸಿ ಮಾಡ್ಬಹುದಾ?

ಫೋಟೋ_ಪರಮೇಶಿ
ನನ್ ನಾಲ್ಕು ಮತ್ತೆ ಬಂತು!! ಬಿಡ್ಬೇಡಿ ಸಾರ್.

ಮೇಣದ_ಮನೆ
ಪಾಯಿಂಟ್ ಸರಿ ಇದೆ, ಆದ್ರೆ ನಮ್ಮಪ್ಪ ಇದ್ದಿದ್ರೆ ಜಗಳಕ್ಕೆ ಬರ್ತಿದ್ರು. ಕಣ್ಣು ಮೂಗು ಬೆರಳು ಸಣ್ಣದ್ರಲ್ಲೂ ಅಷ್ಟೇ ಸಂಖ್ಯೆ, ಸಣ್ಣದ್ರಲ್ಲೇ ಕಷ್ಟ ಜಾಸ್ತಿ, ಹಾಗಾಗಿ ಕೆತ್ತನೆ ನಾಲ್ಕು ಪಟ್ಟೂ ಆಗಲ್ಲ. ಆದ್ರೆ ದೊಡ್ಡದಕ್ಕೆ ದೊಡ್ಡ ಮೂಸೆ, ಜಾಸ್ತಿ ಇದ್ದಿಲು, ಇಬ್ರು ಮೂವರು ಹಿಡೀಬೇಕು, ಕೆಟ್ರೆ ಮೇಣದಿಂದ ಮತ್ತೆ ಶುರು. ಆ ರಿಸ್ಕ್‌ಗೆ ಯಾವ ಘಾತ ಹಾಕ್ತೀರಿ? ಲೋಹ ಬೇರೆ, ಕೂಲಿ ಬೇರೆ ಬರೆದು ಕೊಡಿ ಅಂತ ಕೇಳಿ, ಅದು ನ್ಯಾಯ.

ಗದಗ್_ಗುರಣ್ಣ
ಕೂಲ್ಯಾಗ ಚೌಕಾಸಿ ಮಾಡಬ್ಯಾಡ್ರಿ, ಲೋಹದಾಗ ಮಾಡ್ರಿ.

ಕೊಳಲು_ಕೃಷ್ಣ
ಸರಿ ಇನ್ನೊಂದು ದಾರಿ. ಅಮ್ಮನಿಗೆ ಪೊಳ್ಳು ದೇವರು ಬೇಡ್ವಂತೆ, ಗಟ್ಟೀನೇ ಆಗ್ಬೇಕಂತೆ. ನನ್ ಬಜೆಟ್‌ಗೆ 3 ಕೆಜಿ ಹತ್ರ ಆಗತ್ತೆ. 3 ಕೆಜಿ ಅಂದ್ರೆ ಎಷ್ಟೆತ್ತರ? 900 ರ 3.33 ಪಟ್ಟು, ಅಂದ್ರೆ 20 ಇಂಚು ಆಗಕ್ಕೆ ಸಾಧ್ಯ ಇಲ್ಲ ಅಂತ ಈಗ ಗೊತ್ತು 😅

ಲೆಕ್ಕದ_ಟೀಚರಮ್ಮ
ಉಲ್ಟಾ ಹೋಗಿ. ಯಾವ ಸಂಖ್ಯೇನ ಮೂರು ಸಲ ಗುಣಿಸಿದ್ರೆ 3.33 ಹತ್ರ ಬರತ್ತೆ? 1.5 × 1.5 × 1.5 = 3.375. ಸೋ 9 ಇಂಚು, 3 ಕೆಜಿ 40 ಗ್ರಾಂ.

ಕೊಳಲು_ಕೃಷ್ಣ
9 ಇಂಚಾ! ನಾನು 7 ಇರಬಹುದು ಅಂದ್ಕೊಂಡಿದ್ದೆ. 12 ರಿಂದ 9 ಕ್ಕೆ ಇಳಿದ್ರೆ 7.2 ಇರೋದು 3 ಆಗತ್ತಾ? ಮೂರು ಇಂಚು ಬಿಟ್ರೆ ನಾಲ್ಕು ಕೆಜಿ ಉಳೀತು. ಫಿಕ್ಸ್.

ಹಾಸನ್_ಹೈದ
ಒಂದು ಎಚ್ಚರಿಕೆ, ಶಿಲ್ಪಿ ನಿಜವಾಗ್ಲೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸ್ತಾರಾ ನೋಡಿ. ತಾಳಮಾನದ ಪ್ರಕಾರ ಮಾಡೋರಾದ್ರೆ ಮಾಡ್ತಾರೆ, ನವತಾಳ ಅಂದ್ರೆ ಒಟ್ಟು ಎತ್ತರ 108 ಅಂಗುಲ, ಆ ಅಂಗುಲ ನಮ್ ಬೆರಳಲ್ಲ, ಮೂರ್ತಿ ಎತ್ತರದ 108 ನೇ ಭಾಗ. ಮುಖ, ಕತ್ತು, ತೊಡೆ ಎಲ್ಲಾ ಅದೇ ಅಂಗುಲದಲ್ಲಿ. 6 ಇಂಚಾದ್ರೂ 60 ಅಡಿ ಆದ್ರೂ ಆಕಾರ ಒಂದೇ.

ಮೇಣದ_ಮನೆ
ಹೂಂ, ಆದ್ರೆ ಕೊಳಲು, ಪ್ರಭಾವಳಿ, ಪೀಠ ಕೈ ಅಂದಾಜು. ತೂಕ ಮೊದ್ಲೇ ಗೊತ್ತಾಗ್ಬೇಕು ಅಂದ್ರೆ ಮೇಣದ ಮೂರ್ತಿ ಮುಗಿದ ತಕ್ಷಣ ತೂಗಿಸಿ. ಮೇಣ ಕರಗಿ ಹೋದ ಜಾಗಕ್ಕೇ ಲೋಹ ಬರೋದು, ಗಾತ್ರ ಒಂದೇ, ಹಿತ್ತಾಳೆಗೆ ಒಂಬತ್ತು ಪಟ್ಟು ಹತ್ರ. 9 ಇಂಚಿಗೆ ಮೇಣ 343 ಗ್ರಾಂ ಆಸುಪಾಸು ಬರ್ಬೇಕು. ಈ ಲೆಕ್ಕ ಹಳೇದು, ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರನ ಮಾನಸೋಲ್ಲಾಸದಲ್ಲೇ ಬೆಳ್ಳಿಗೆ ಮೇಣದ 12 ಪಟ್ಟು, ಚಿನ್ನಕ್ಕೆ 16 ಪಟ್ಟು ಅಂತ ಇದೆ.

ಪ್ರಿಂಟರ್_ಪಚ್ಚಿ
ಚಿನ್ನ ನೀರಿಗಿಂತ 19 ಪಟ್ಟು ಭಾರ, ಮೇಣ ನೀರಿಗಿಂತ ಸ್ವಲ್ಪ ಹಗುರ, 20 ಬರ್ಬೇಕಲ್ವಾ? 16 ಹೇಗೆ?

ಮೇಣದ_ಮನೆ
ಮೇಣಕ್ಕೆ ಏನೇನು ಬೆರೆಸ್ತಿದ್ರೋ, ಚಿನ್ನಕ್ಕೆ ಏನೇನು ಬೆರೆಸ್ತಿದ್ರೋ. ಬೆಳ್ಳಿದಂತೂ ತಾಳೆ ಆಗತ್ತೆ, ಸ್ವಲ್ಪ ಮಿಗತ್ತೆ ಕೂಡ.

ಕೊಳಲು_ಕೃಷ್ಣ
ಅಪ್‌ಡೇಟ್: ಇವತ್ತು ಹೋಗಿದ್ದೆ. ಮೇಣದ ಕೃಷ್ಣ 9 ಇಂಚು, ತೂಗಿದ್ರೆ 361 ಗ್ರಾಂ! 18 ಜಾಸ್ತಿ ಯಾಕೆ ಅಂತ ಕೇಳಿದ್ರೆ, ಪೀಠ ಸ್ವಲ್ಪ ದಪ್ಪ ಮಾಡಿದೀನಿ, ನಿಮ್ ಅಜ್ಜಿ ಕೃಷ್ಣ ತಳ್ಳಿದ್ರೆ ಬೀಳ್ತಿತ್ತು ಅಂದ್ರು. ನಿಜ, ಬೀಳ್ತಿತ್ತು. ಲೋಹ ಬೇರೆ ಕೂಲಿ ಬೇರೆ ಬರೆಸ್ಕೊಂಡೆ, ಒಂಚೂರು ಕಮ್ಮೀನೂ ಆಯ್ತು.

ಈಗ ಅಮ್ಮನ ಪ್ರಶ್ನೆ: ಹಳೇ ಕೃಷ್ಣನ ಪೀತಾಂಬರದ ತುಂಡು ಒಂದಿದೆ, ಅದೇ ಥರದ್ದು ಹೊಸದಕ್ಕೆ ಹೊಲಿಸ್ಬೇಕು, ಎಷ್ಟು ಬಟ್ಟೆ?

ಫೋಟೋ_ಪರಮೇಶಿ
ಬಟ್ಟೆ ನನ್ ಡಿಪಾರ್ಟ್‌ಮೆಂಟು. 1.5 × 1.5, ಎರಡೂಕಾಲು ಪಟ್ಟು.

ಲೆಕ್ಕದ_ಟೀಚರಮ್ಮ
ಸರಿ ಉತ್ತರ, ಪರಮೇಶಿಯವ್ರೇ. ಸರಿಗೆ ಅಂಚು ಮಾತ್ರ ಒಂದೂವರೆ ಪಟ್ಟೇ ತಗೊಳಿ.

ತರ್ಲೆ_ತಮ್ಮಯ್ಯ
ನೈವೇದ್ಯಕ್ಕೆ ಬೆಣ್ಣೆ ಎಷ್ಟು ಪಟ್ಟು? ಗಾತ್ರದ ಲೆಕ್ಕಾನಾ ಮೈ ಲೆಕ್ಕಾನಾ?